ಬ್ಯಾಂಕಿನ ಕೆವೈಸಿ ನೋಟಿಸ್: ವಿಡಿಯೊ ಕರೆ ಬೇಕೆ, ಸಹಿ ಸಾಕೆ?

ಪ್ರಶ್ನೆ: ನಮ್ಮ ತಂದೆ ನಿವೃತ್ತ ಶಾಲಾ ಶಿಕ್ಷಕರು, 74 ವರ್ಷ. ಪಿಂಚಣಿ ಖಾತೆ ಸಾಗರದ ಶಾಖೆಯಲ್ಲಿದೆ. ಮೂರು ವರ್ಷದಿಂದ ಅವರು ಬೆಂಗಳೂರಿನಲ್ಲಿ ನಮ್ಮ ಜೊತೆ ಇದ್ದಾರೆ. ಡಿಸೆಂಬರಿನಲ್ಲಿ ಊರಿನ ವಿಳಾಸಕ್ಕೆ ಬ್ಯಾಂಕಿನ ಪತ್ರ ಬಂದು, ನೆರೆಮನೆಯವರು ಕಳುಹಿಸಿಕೊಟ್ಟರು. 2026ರ ಫೆಬ್ರವರಿಗೆ ಕೆವೈಸಿ ಅವಧಿ ಮುಗಿಯುತ್ತದೆ, ನವೀಕರಿಸಿ ಎಂದಿದೆ. ಅದೇ ವಾರ ಮೊಬೈಲಿಗೆ 'ಇಂದು ರಾತ್ರಿಯೊಳಗೆ ಕೆವೈಸಿ ಮಾಡದಿದ್ದರೆ ಖಾತೆ ಬಂದ್' ಎಂಬ ಸಂದೇಶವೂ ಲಿಂಕ್ ಸಮೇತ ಬಂತು. 2016ರಲ್ಲಿ ಬ್ಯಾಂಕಿಗೆ ಡ್ರೈವಿಂಗ್ ಲೈಸೆನ್ಸ್ ಪ್ರತಿ ಕೊಟ್ಟಿದ್ದೆವು, ಆಮೇಲೆ ಆ ಲೈಸೆನ್ಸ್ ನವೀಕರಿಸಿಲ್ಲ. ಸಾಗರಕ್ಕೆ ಹೋಗಲೇಬೇಕೆ, ವಿಡಿಯೊ ಕೆವೈಸಿ ಆಗುತ್ತದೆಯೇ? ಅಪ್ಪನಿಗೆ ಕಿವಿ ಸ್ವಲ್ಪ ಮಂದ. ಏನೂ ಮಾಡದೆ ಬಿಟ್ಟರೆ ಪಿಂಚಣಿ ನಿಂತುಹೋಗುತ್ತದೆಯೇ?

ಉತ್ತರ: ಮೊದಲು ಆ ಎರಡನೆಯ ಸಂದೇಶವನ್ನು ಅಳಿಸಿಬಿಡಿ, ಲಿಂಕ್ ಒತ್ತಬೇಡಿ. ಕೆವೈಸಿ ನವೀಕರಣ ಒಂದು ರಾತ್ರಿಯಲ್ಲಿ ಮುಗಿಯಬೇಕಾದ ಕೆಲಸವಲ್ಲ. ರಿಸರ್ವ್ ಬ್ಯಾಂಕ್ 2025ರ ಜೂನ್ 12ರಂದು ಮಾಡಿದ ತಿದ್ದುಪಡಿಯ ಪ್ರಕಾರ, ಅವಧಿ ಮುಗಿಯುವುದಕ್ಕೆ ಮೊದಲು ಬ್ಯಾಂಕು ಕನಿಷ್ಠ ಮೂರು ಬಾರಿ ತಿಳಿಸಬೇಕು, ಅದರಲ್ಲಿ ಒಂದಾದರೂ ಅಂಚೆಯ ಪತ್ರವಾಗಿರಬೇಕು. ಅವಧಿ ಮುಗಿದ ಮೇಲೂ ಸ್ಪಂದಿಸದ ಗ್ರಾಹಕನಿಗೆ ಮತ್ತೆ ಕನಿಷ್ಠ ಮೂರು ಜ್ಞಾಪನೆ ಕೊಡಬೇಕು, ಅಲ್ಲಿಯೂ ಒಂದು ಪತ್ರ ಕಡ್ಡಾಯ. ಈ ವ್ಯವಸ್ಥೆಯನ್ನು ಎಲ್ಲ ಬ್ಯಾಂಕುಗಳೂ ತಡವೆಂದರೆ 2026ರ ಜನವರಿ 1ರೊಳಗೆ ಜಾರಿಗೆ ತರಬೇಕಿತ್ತು. ನಿಮ್ಮ ನೆರೆಮನೆಯವರು ಕಳುಹಿಸಿಕೊಟ್ಟದ್ದು ಬಹುಶಃ ಈ ಸರಣಿಯ ಪತ್ರವೇ. ಅದನ್ನು ಇಟ್ಟುಕೊಳ್ಳಿ. ನವೀಕರಿಸುವ ವಿಧಾನ, ಸಹಾಯಕ್ಕೆ ಯಾರನ್ನು ಕೇಳಬೇಕು, ಮಾಡದಿದ್ದರೆ ಏನಾಗುತ್ತದೆ ಎಂಬ ಮೂರು ವಿಷಯಗಳು ಅದರಲ್ಲಿ ಇರಬೇಕೆಂದು ನಿರೀಕ್ಷೆ. ಹಾಗಾಗಿ ಇನ್ನೊಮ್ಮೆ ನಿಧಾನವಾಗಿ ಓದಿ.

ಈಗ ವಿಷಯಕ್ಕೆ ಬರುತ್ತೇನೆ. ಇಂಥ ನೋಟಿಸ್ ಬಂದ ಕೂಡಲೇ ಎಲ್ಲರೂ ಕೇಳುವುದು 'ವಿಡಿಯೊದಲ್ಲಿ ಮಾಡಬಹುದೇ' ಎಂದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ: ಬ್ಯಾಂಕಿನ ದಾಖಲೆಯಲ್ಲಿ ಇರುವುದಕ್ಕೂ ಇವತ್ತಿನ ವಾಸ್ತವಕ್ಕೂ ಏನು ವ್ಯತ್ಯಾಸ ಬಂದಿದೆ? ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಕೆಲಸ ಒಂದು ಸಾಲಿನ ಘೋಷಣೆಯಲ್ಲಿ ಮುಗಿಯುತ್ತದೆಯೇ, ಹೊಸ ಗ್ರಾಹಕರಂತೆ ಎಲ್ಲವನ್ನೂ ಕೊಡಬೇಕೇ ಎಂಬುದು ನಿಲ್ಲುತ್ತದೆ.

ಏನೂ ಬದಲಾಗಿಲ್ಲದಿದ್ದರೆ, 'ನನ್ನ ಕೆವೈಸಿ ವಿವರಗಳಲ್ಲಿ ಬದಲಾವಣೆ ಇಲ್ಲ' ಎಂಬ ಸ್ವಯಂ ಘೋಷಣೆ ಸಾಕು. ಅದನ್ನು ನೋಂದಾಯಿತ ಮೊಬೈಲ್ ಅಥವಾ ಇಮೇಲ್ ಮೂಲಕ, ಎಟಿಎಂ, ನೆಟ್ ಬ್ಯಾಂಕಿಂಗ್, ಬ್ಯಾಂಕಿನ ಆ್ಯಪ್ ಮೂಲಕ, ಇಲ್ಲವೇ ಸಾದಾ ಪತ್ರದ ಮೂಲಕ ಕೊಡಬಹುದು. ಶಾಖೆಗೆ ಹೋಗಬೇಕಾಗಿಲ್ಲ, ವಿಡಿಯೊ ಕರೆಯೂ ಬೇಡ. ವಿಳಾಸ ಮಾತ್ರ ಬದಲಾಗಿದ್ದರೆ ಅದೂ ಸ್ವಯಂ ಘೋಷಣೆಯಲ್ಲೇ ಆಗುತ್ತದೆ. ಹೊಸ ವಿಳಾಸ ನಿಜವೇ ಎಂದು ಬ್ಯಾಂಕು ಎರಡು ತಿಂಗಳೊಳಗೆ ಖಚಿತಪಡಿಸಿಕೊಳ್ಳುತ್ತದೆ. ಆ ವಿಳಾಸಕ್ಕೆ ಪತ್ರ ಕಳುಹಿಸಬಹುದು, ಯಾರನ್ನಾದರೂ ಮನೆಗೆ ಕಳುಹಿಸಬಹುದು. ವಿಳಾಸದ ದಾಖಲೆಯ ಪ್ರತಿ ಕೇಳುವ ಆಯ್ಕೆಯೂ ಅದಕ್ಕಿದೆ. ಈ ಎರಡು ಬಗೆಯ ಘೋಷಣೆಗಳನ್ನು ಈಗ ಬ್ಯಾಂಕು ನೇಮಿಸಿದ ಬ್ಯಾಂಕ್ ಮಿತ್ರರ ಬಳಿಯೂ ಕೊಡಬಹುದು. ಹಳ್ಳಿಯಲ್ಲಿರುವವರಿಗೆ ಇದು ದೊಡ್ಡ ಅನುಕೂಲ. ಬೆಂಗಳೂರಿನಲ್ಲಿರುವ ನಿಮಗೆ ಅಷ್ಟಾಗಿ ಬೇಕಾಗುವುದಿಲ್ಲ.

ನಿಮ್ಮ ತಂದೆಯವರದು ಮೇಲ್ನೋಟಕ್ಕೆ ಎರಡನೆಯ ಬಗೆ, ವಿಳಾಸ ಮಾತ್ರ ಬದಲು. ಆದರೆ ನೀವು ಪ್ರಶ್ನೆಯ ಮಧ್ಯದಲ್ಲಿ ಹೇಳಿದ ಒಂದು ಮಾತು ಇಡೀ ಪ್ರಕರಣವನ್ನು ಮೂರನೆಯ ಬಗೆಗೆ ತಳ್ಳುತ್ತದೆ. ಬ್ಯಾಂಕಿನಲ್ಲಿರುವ ಗುರುತಿನ ದಾಖಲೆ ಅವಧಿ ಮೀರಿದ ಡ್ರೈವಿಂಗ್ ಲೈಸೆನ್ಸ್. ನವೀಕರಣದ ಸಮಯದಲ್ಲಿ ಹಳೆಯ ದಾಖಲೆಯ ಅವಧಿ ಮುಗಿದಿದ್ದರೆ, ಅಥವಾ ಅದು ಈಗಿನ ನಿಯಮದ ಪಟ್ಟಿಯಲ್ಲಿ ಇಲ್ಲದಿದ್ದರೆ, ಹೊಸ ಗ್ರಾಹಕರಿಗೆ ಮಾಡುವಷ್ಟೇ ಪೂರ್ಣ ಕೆವೈಸಿ ಮಾಡಬೇಕು ಎನ್ನುತ್ತದೆ ನಿಯಮ. 'ಬದಲಾವಣೆ ಇಲ್ಲ' ಎಂಬ ಎಸ್‌ಎಂಎಸ್ ಕಳುಹಿಸಿ ನಿಶ್ಚಿಂತೆಯಿಂದ ಇದ್ದು, ತಿಂಗಳ ನಂತರ ಮತ್ತೆ ನೋಟಿಸ್ ಬಂದಾಗ ಬ್ಯಾಂಕನ್ನು ಬೈಯುವವರಲ್ಲಿ ಎಷ್ಟೋ ಮಂದಿಯ ಸಮಸ್ಯೆ ಇದೇ. ಪಾಸ್‌ಪೋರ್ಟ್ ಕೊಟ್ಟು ಖಾತೆ ತೆರೆದು, ಆಮೇಲೆ ಅದನ್ನು ನವೀಕರಿಸದೆ ಬಿಟ್ಟವರಿಗೂ ಹೀಗೇ ಆಗುತ್ತದೆ.

ಪೂರ್ಣ ಕೆವೈಸಿಗೆ ಬೇಕಾದುದು ಹೆಚ್ಚೇನೂ ಇಲ್ಲ. ಒಂದು ಅಧಿಕೃತ ಗುರುತಿನ ದಾಖಲೆ, ಒಂದು ಪ್ಯಾನ್, ಒಂದು ಭಾವಚಿತ್ರ. ಅಧಿಕೃತ ದಾಖಲೆ ಎಂದರೆ ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಆಧಾರ್, ಮತದಾರರ ಗುರುತಿನ ಚೀಟಿ, ರಾಜ್ಯ ಸರ್ಕಾರದ ಅಧಿಕಾರಿ ಸಹಿ ಮಾಡಿದ ಉದ್ಯೋಗ ಖಾತರಿ ಜಾಬ್ ಕಾರ್ಡ್, ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ, ಇಷ್ಟೇ. ಪಡಿತರ ಚೀಟಿ ಇದರಲ್ಲಿ ಇಲ್ಲ. ಪ್ಯಾನ್ ಕೂಡ ಈ ಪಟ್ಟಿಗೆ ಸೇರುವುದಿಲ್ಲ. ಅದನ್ನು ಬೇರೆಯಾಗಿಯೇ ಕೇಳುತ್ತಾರೆ, ಪ್ಯಾನ್ ಇಲ್ಲದವರು ಫಾರ್ಮ್ 60 ಕೊಡಬಹುದು. ವಿದ್ಯುತ್ ಬಿಲ್, ನೀರಿನ ಬಿಲ್, ಆಸ್ತಿ ತೆರಿಗೆ ರಸೀದಿ, ಪಿಂಚಣಿ ಪಾವತಿ ಆದೇಶ ಇವೆಲ್ಲ ವಿಳಾಸಕ್ಕೆ ಮಾತ್ರ, ಅದೂ ತಾತ್ಕಾಲಿಕವಾಗಿ ನಡೆಯುತ್ತವೆ. ಅವುಗಳನ್ನು ಕೊಟ್ಟರೆ ಮೂರು ತಿಂಗಳೊಳಗೆ ಈಗಿನ ವಿಳಾಸವಿರುವ ಅಧಿಕೃತ ದಾಖಲೆಯನ್ನು ತಂದುಕೊಡಬೇಕು.

ನಿಮ್ಮ ತಂದೆಯವರ ಆಧಾರ್‌ನಲ್ಲಿ ಇನ್ನೂ ಸಾಗರದ ವಿಳಾಸವೇ ಇರಬಹುದು. ಅದಕ್ಕಾಗಿ ಮೊದಲು ಆಧಾರ್ ತಿದ್ದಿಸಲು ಓಡಬೇಡಿ. ಆಧಾರ್ ಇ-ಕೆವೈಸಿ ಮೂಲಕ ಗುರುತು ಪರಿಶೀಲನೆ ಆದಾಗ, ಅದರಲ್ಲಿರುವುದಕ್ಕಿಂತ ಬೇರೆಯಾದ ಈಗಿನ ವಿಳಾಸವನ್ನು ಸ್ವಯಂ ಘೋಷಣೆಯಲ್ಲಿ ಕೊಡಲು ಅವಕಾಶವಿದೆ. ಅವಧಿ ನವೀಕರಣಕ್ಕೆ ಆಧಾರ್ ಒಟಿಪಿ ಬಳಸಿದರೆ, ಹಾಗೆ ಘೋಷಿಸಿದ ವಿಳಾಸವನ್ನು ಬ್ಯಾಂಕು ಮತ್ತೆ ಪತ್ರ ಕಳುಹಿಸಿ ಖಚಿತಪಡಿಸಿಕೊಳ್ಳಬೇಕಾದ ಅಗತ್ಯವೂ ಇಲ್ಲ. ಒಂದೇ ಷರತ್ತು: ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆಯೂ ಬ್ಯಾಂಕಿನಲ್ಲಿರುವ ಸಂಖ್ಯೆಯೂ ಒಂದೇ ಆಗಿರಬೇಕು. ಇಲ್ಲಿಯೇ ಹಿರಿಯರ ವಿಷಯದಲ್ಲಿ ಕೆಲಸ ಕೆಡುವುದು. ಆಧಾರ್‌ಗೆ ಎಂದೋ ಕೈಬಿಟ್ಟ ಹಳೆಯ ಸಿಮ್, ಬ್ಯಾಂಕಿಗೆ ಮಗನದೋ ಮಗಳದೋ ಸಂಖ್ಯೆ. ಅಪ್ಪನ ಫೋನಿಗೆ ಆಧಾರ್ ಒಟಿಪಿ ಬರುತ್ತದೆಯೇ ಎಂಬುದನ್ನು ಬೇರೆ ಯಾವುದಕ್ಕೂ ಮೊದಲು ನೋಡಿಕೊಳ್ಳಿ. ಬರದಿದ್ದರೆ ವಿಡಿಯೊ ದಾರಿ ಬಹುತೇಕ ಮುಚ್ಚಿದಂತೆಯೇ ಸರಿ, ನೇರವಾಗಿ ಶಾಖೆಯ ದಾರಿ ಹಿಡಿಯಿರಿ.

ಪ್ಯಾನ್ ಬಗ್ಗೆಯೂ ಒಂದು ಎಚ್ಚರ. 80 ವರ್ಷ ತುಂಬಿದವರಿಗೆ ಆಧಾರ್–ಪ್ಯಾನ್ ಜೋಡಣೆಯಿಂದ ವಿನಾಯಿತಿ ಇದೆ, 74ಕ್ಕೆ ಇಲ್ಲ. ಜೋಡಿಸದೆ ಬಿಟ್ಟ ಪ್ಯಾನ್‌ಗಳು 2023ರ ಜುಲೈ 1ರಿಂದ ನಿಷ್ಕ್ರಿಯವಾಗಿವೆ. ವಿಡಿಯೊ ಕರೆಯಲ್ಲಿ ಪ್ಯಾನ್ ಸಂಖ್ಯೆಯನ್ನು ಅದನ್ನು ನೀಡಿದ ಇಲಾಖೆಯ ದತ್ತಾಂಶದೊಂದಿಗೆ ಆಗಲೇ ಹೋಲಿಸುತ್ತಾರೆ. ಆದ್ದರಿಂದ ಅದರ ಸ್ಥಿತಿಯನ್ನು ಆದಾಯ ತೆರಿಗೆ ಇಲಾಖೆಯ ತಾಣದಲ್ಲಿ ಮೊದಲೇ ನೋಡಿಡಿ.

ಇನ್ನು ವಿಡಿಯೊ. ರಿಸರ್ವ್ ಬ್ಯಾಂಕ್ ಇದಕ್ಕೆ ಅವಕಾಶ ಕೊಟ್ಟದ್ದು 2020ರ ಜನವರಿಯಲ್ಲಿ, ಆಗ ಉದ್ದೇಶ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವುದು. 2021ರ ಮೇ ತಿಂಗಳಲ್ಲಿ ಅದನ್ನು ಅವಧಿ ನವೀಕರಣಕ್ಕೂ ವಿಸ್ತರಿಸಿತು. ಇದು ಸಾಮಾನ್ಯ ವಿಡಿಯೊ ಕರೆಯಲ್ಲ ಎಂಬುದನ್ನು ಅರ್ಥಮಾಡಿಕೊಂಡರೆ ಅದರ ಕಟ್ಟುನಿಟ್ಟುಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಶಾಖೆಯ ಅಧಿಕಾರಿ ಮೂಲ ದಾಖಲೆಯನ್ನು ಕೈಯಲ್ಲಿ ಹಿಡಿದು, ಎದುರು ಕೂತವರ ಮುಖ ನೋಡಿ, 'ಇವರೇ ಅವರು' ಎಂದು ಸಹಿ ಹಾಕುವುದಕ್ಕೆ ಇದು ಸಮ. ಆದ್ದರಿಂದ ಕರೆ ಮಾಡುವವರು ಬ್ಯಾಂಕಿನ ತರಬೇತಿ ಪಡೆದ ಅಧಿಕಾರಿಯೇ ಆಗಿರಬೇಕು, ಈ ಕೆಲಸವನ್ನು ಹೊರಗುತ್ತಿಗೆಗೆ ಕೊಡುವಂತಿಲ್ಲ. ಕರೆ ಬ್ಯಾಂಕಿನ ಸ್ವಂತ ಜಾಲದಿಂದಲೇ ಹೊರಡಬೇಕು. ಇಡೀ ಸಂಭಾಷಣೆ ದಿನಾಂಕ, ಸಮಯ, ಸ್ಥಳದ ಗುರುತಿನೊಂದಿಗೆ ವಿಡಿಯೊ ಮುದ್ರಣವಾಗಿ ಉಳಿಯಬೇಕು. ವಾಟ್ಸ್‌ಆ್ಯಪ್ ವಿಡಿಯೊದಲ್ಲಿ ಯಾರಾದರೂ 'ಕೆವೈಸಿ ಅಧಿಕಾರಿ' ಎಂದು ಕಾಣಿಸಿಕೊಂಡರೆ ಅದು ಕೆವೈಸಿ ಆಗಿರಲು ಸಾಧ್ಯವೇ ಇಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ.

ನೀವು ಮಾಡಬೇಕಾದದ್ದು ಇಷ್ಟು. ಬ್ಯಾಂಕಿನ ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ, ಅಥವಾ ಬ್ಯಾಂಕಿನ ಆ್ಯಪ್ ತೆರೆದು, ಅಲ್ಲಿ ಕೆವೈಸಿ ನವೀಕರಣದ ವಿಭಾಗಕ್ಕೆ ಹೋಗಿ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ .bank.in ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಈಗ ತಾಣವನ್ನು ಗುರುತಿಸಲು ಇದು ಒಳ್ಳೆಯ ಸುಳಿವು. ಫೋನಿನಲ್ಲಿ ಕ್ಯಾಮೆರಾ, ಮೈಕ್, ಲೊಕೇಶನ್ ಮೂರಕ್ಕೂ ಅನುಮತಿ ಕೊಡಿ. ಕರೆಯ ಸಮಯದಲ್ಲಿ ಗ್ರಾಹಕರು ಭಾರತದೊಳಗೇ ಇರಬೇಕು ಎಂಬ ನಿಯಮವಿದೆ, ವಿದೇಶದ ಐಪಿ ವಿಳಾಸವನ್ನು ವ್ಯವಸ್ಥೆ ತಡೆಯುತ್ತದೆ. ಹಾಗಾಗಿ ಫೋನಿನಲ್ಲಿ ವಿಪಿಎನ್ ಇದ್ದರೆ ಆರಿಸಿ. ಅಮೆರಿಕದಲ್ಲಿ ಮಗನ ಮನೆಗೆ ಹೋಗಿರುವ ತಾಯಂದಿರಿಗೆ ಅಲ್ಲಿಂದ ವಿಡಿಯೊ ಕೆವೈಸಿ ಆಗದಿರುವುದು ಇದೇ ಕಾರಣಕ್ಕೆ, ಆ್ಯಪ್ ಕೆಟ್ಟಿರುವುದರಿಂದಲ್ಲ.

ಮೂಲ ಪ್ಯಾನ್ ಕಾರ್ಡ್ ಕೈಯಲ್ಲಿರಲಿ. ಇಲ್ಲಿ ಅನೇಕರು ಎಡವುತ್ತಾರೆ: ಇ-ಪ್ಯಾನ್ ಅನ್ನು ಮುದ್ರಿಸಿದ ಕಾಗದ ವಿಡಿಯೊ ಕರೆಯಲ್ಲಿ ನಡೆಯುವುದಿಲ್ಲ. ಇ-ಪ್ಯಾನ್ ಕೊಡುವುದಾದರೆ ಅದನ್ನು ಇ-ದಾಖಲೆಯಾಗಿಯೇ ಕೊಡಬೇಕು. ಲ್ಯಾಮಿನೇಷನ್ ಮಾಡಿಸಿದ ಕಾರ್ಡ್ ಬೆಳಕಿಗೆ ಹೊಳೆದರೆ ಅಕ್ಷರ ಕಾಣುವುದಿಲ್ಲ, ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ, ಕಾರ್ಡ್ ಸ್ವಲ್ಪ ಓರೆಯಾಗಿ ಹಿಡಿಯುವಂತೆ ಮೊದಲೇ ಅಭ್ಯಾಸ ಮಾಡಿಸಿ. ಆಧಾರ್ ಒಟಿಪಿ ಬದಲಿಗೆ ಆಧಾರ್‌ನ ಆಫ್‌ಲೈನ್ ಕಡತವನ್ನು ಕೊಡುವುದಾದರೆ, ಅದು ಕರೆಯ ದಿನಕ್ಕಿಂತ ಮೂರು ಕೆಲಸದ ದಿನಕ್ಕಿಂತ ಹಳೆಯದಾಗಿರಬಾರದು. ಕಳೆದ ವರ್ಷ ಇಳಿಸಿಟ್ಟುಕೊಂಡದ್ದು ಕೆಲಸಕ್ಕೆ ಬಾರದು. ಬಿಳಿ ಹಾಳೆ ಮತ್ತು ಪೆನ್ನು ಇಟ್ಟುಕೊಳ್ಳಿ, ಬಹಳಷ್ಟು ಬ್ಯಾಂಕುಗಳು ಕ್ಯಾಮೆರಾ ಎದುರು ಸಹಿ ಮಾಡಿಸುತ್ತವೆ.

ಅಧಿಕಾರಿ ಹೆಸರು, ಹುಟ್ಟಿದ ದಿನ, ವಿಳಾಸ, ಆದಾಯದ ಮೂಲ ಇಂಥವನ್ನು ಕೇಳುತ್ತಾರೆ. ಪ್ರಶ್ನೆಗಳ ಕ್ರಮ ಪ್ರತಿ ಸಲ ಬೇರೆಯಾಗಿರುತ್ತದೆ. ಮುಂಚಿತವಾಗಿ ಚಿತ್ರೀಕರಿಸಿದ ವಿಡಿಯೊ ಓಡಿಸುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಲು ನಿಯಮವೇ ಹಾಗೆ ಹೇಳುತ್ತದೆ. ತಲೆ ತಿರುಗಿಸಿ, ಪರದೆಯ ಮೇಲಿನ ಸಂಖ್ಯೆ ಓದಿ ಎನ್ನಬಹುದು. ಕಣ್ಣು ಮಿಟುಕಿಸಲಾಗದವರನ್ನು ಈ ಪರೀಕ್ಷೆಯ ನೆಪದಲ್ಲಿ ಹೊರಗಿಡುವುದರ ವಿರುದ್ಧ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿತು. ಆ ಬಳಿಕ ರಿಸರ್ವ್ ಬ್ಯಾಂಕ್, ಇಂಥ ಪರೀಕ್ಷೆಯಿಂದ ವಿಶೇಷ ಅಗತ್ಯವುಳ್ಳವರು ಹೊರಗುಳಿಯಬಾರದು ಎಂದು ನಿಯಮಕ್ಕೆ ಸೇರಿಸಿದೆ.

ನಿಮ್ಮ ತಂದೆಯವರ ಕಿವಿಯ ವಿಷಯಕ್ಕೆ ಇಲ್ಲಿ ನೇರ ಸಂಬಂಧವಿದೆ. ಗ್ರಾಹಕರ ಪಕ್ಕದಲ್ಲಿ ಯಾರಾದರೂ ಉತ್ತರ ಹೇಳಿಕೊಡುತ್ತಿರುವುದು ಕಂಡರೆ ಅಧಿಕಾರಿ ಆ ಕರೆಯನ್ನು ತಿರಸ್ಕರಿಸಬೇಕು, ಇದು ಅವರ ಮರ್ಜಿಯಲ್ಲ. 'ಅಪ್ಪಾ, ಹುಟ್ಟಿದ ದಿನ ಕೇಳುತ್ತಿದ್ದಾರೆ' ಎಂದು ನೀವು ಪ್ರಶ್ನೆಯನ್ನಷ್ಟೇ ಜೋರಾಗಿ ಪುನರುಚ್ಚರಿಸಿದರೂ, ಆ ಕಡೆ ಕುಳಿತವರಿಗೆ ಅದು ಹೇಳಿಕೊಟ್ಟಂತೆಯೇ ಕೇಳಿಸಬಹುದು. ಬೇರೆಯವರ ಒತ್ತಡಕ್ಕೆ ಸಿಕ್ಕಿ ಮುದುಕರು ಖಾತೆ ಬಿಟ್ಟುಕೊಡುವುದನ್ನು ತಡೆಯಲು ಮಾಡಿದ ನಿಯಮ ಇದು, ನಿಜವಾಗಿ ನೆರವಾಗುವ ಮಗಳನ್ನೂ ಹೊರಗೆ ನಿಲ್ಲಿಸುತ್ತದೆ. ಶ್ರವಣ ಸಾಧನ ಇದ್ದರೆ ಹಾಕಿಸಿ, ಫೋನಿನ ಧ್ವನಿ ಗರಿಷ್ಠಕ್ಕೆ ಏರಿಸಿ, ಶಾಂತವಾದ ಕೋಣೆಯಲ್ಲಿ ಅವರನ್ನು ಒಬ್ಬರೇ ಕೂರಿಸಿ. 'ನನಗೆ ಕಿವಿ ಮಂದ, ನಿಧಾನವಾಗಿ ಕನ್ನಡದಲ್ಲಿ ಕೇಳಿ' ಎಂದು ಮೊದಲ ವಾಕ್ಯವಾಗಿ ಅವರೇ ಹೇಳಲಿ. ಕರೆ ಕಡಿದುಹೋದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ವಿಡಿಯೊ ಒಂದು ಕ್ಷಣ ನಿಂತು ಅದೇ ಕರೆಯಲ್ಲಿ ಮುಂದುವರಿದರೆ ತೊಂದರೆಯಿಲ್ಲ.

ಹೀಗೆ ಆಗುವುದು ಕಷ್ಟ ಎನಿಸಿದರೆ ವಿಡಿಯೊದ ಹಟ ಬಿಡಿ. 70 ದಾಟಿದ ಗ್ರಾಹಕರಿಗೆ ಕೆವೈಸಿ ದಾಖಲೆಗಳನ್ನೂ ಜೀವನ ಪ್ರಮಾಣ ಪತ್ರವನ್ನೂ ಮನೆಯಿಂದಲೇ ಪಡೆಯುವ ಸೌಲಭ್ಯ ಒದಗಿಸುವಂತೆ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನಿಮ್ಮ ತಂದೆಯವರು ಈ ವಯೋಮಿತಿಯಲ್ಲಿದ್ದಾರೆ. ಮನೆಬಾಗಿಲಿನ ಸೇವೆಗೆ ಬ್ಯಾಂಕು ಶುಲ್ಕ ಹಾಕಬಹುದು, ಕೇಳಿ ತಿಳಿದುಕೊಳ್ಳಿ. ಇಲ್ಲವೇ ನಿಮ್ಮ ಮನೆಯ ಹತ್ತಿರದ ಅದೇ ಬ್ಯಾಂಕಿನ ಶಾಖೆಗೆ ಕರೆದುಕೊಂಡು ಹೋಗಿ. ಸಾಗರಕ್ಕೇ ಹೋಗಿ ಎಂದು ಯಾರಾದರೂ ಹೇಳಿದರೆ, ಬ್ಯಾಂಕಿನ ಲಿಖಿತ ಕೆವೈಸಿ ನೀತಿಯಲ್ಲಿ ಹಾಗೆ ಇದೆಯೇ ಎಂದು ಕೇಳಿ. ಖಾತೆ ಇರುವ ಶಾಖೆಯಲ್ಲೇ ಮಾಡಬೇಕು, ಗ್ರಾಹಕರೇ ಖುದ್ದಾಗಿ ಬರಬೇಕು ಎಂಬಂಥ ಹೆಚ್ಚುವರಿ ಷರತ್ತುಗಳನ್ನು ಬ್ಯಾಂಕು ಹಾಕಬೇಕಾದರೆ ಅವು ಅದರ ಆಂತರಿಕ ನೀತಿಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಕೌಂಟರಿನಲ್ಲಿ ಬಾಯಿಮಾತಿಗೆ ಹುಟ್ಟುವ ನಿಯಮಗಳು ಈ ಪ್ರಶ್ನೆಯ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ವಿಡಿಯೊ ಆಗಲಿ, ಶಾಖೆ ಆಗಲಿ, ನಮ್ಮ ಕಡೆಯ ಹೆಸರುಗಳು ತಂದಿಡುವ ತೊಡಕು ಒಂದೇ. ಪಾಸ್‌ಬುಕ್ಕಿನಲ್ಲಿ ಎರಡು ಇನಿಷಿಯಲ್, ಪ್ಯಾನ್‌ನಲ್ಲಿ ಅವೇ ಊರು ಮತ್ತು ತಂದೆಯ ಹೆಸರಾಗಿ ಬಿಡಿಸಿಕೊಂಡು ಉದ್ದವಾಗಿರುತ್ತವೆ, ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ ಹೋಗಿರುತ್ತದೆ ಅಥವಾ ಇರುವುದೇ ಇಲ್ಲ. ಇಂಥ ವ್ಯತ್ಯಾಸವನ್ನು ಅಧಿಕಾರಿಗಳು ಸಾಮಾನ್ಯವಾಗಿ ಅರ್ಥಮಾಡಿಕೊಂಡು, 'ಈ ಎರಡೂ ಹೆಸರು ನನ್ನದೇ' ಎಂಬ ಘೋಷಣೆಯೊಂದಿಗೆ ಒಪ್ಪುತ್ತಾರೆ. ಹುಟ್ಟಿದ ದಿನ ಬೇರೆಯಾಗಿದ್ದರೆ ಮಾತ್ರ ಹಾಗೆ ದಾಟಿಹೋಗದು. ಶಾಲಾ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇಸವಿ ಮಾತ್ರ ಎಂಬ ಸ್ಥಿತಿ ಆ ತಲೆಮಾರಿನಲ್ಲಿ ಅಪರೂಪವಲ್ಲ. ಮೂರು ದಾಖಲೆಗಳನ್ನೂ ಮೇಜಿನ ಮೇಲೆ ಒಟ್ಟಿಗಿಟ್ಟು ಹೆಸರು ಮತ್ತು ಹುಟ್ಟಿದ ದಿನ ಹೋಲಿಸಿ. ದಿನ ಹೊಂದದಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳುವುದೇ ಒಳ್ಳೆಯದು.

ಕರೆ ಮುಗಿದು ಪರದೆಯ ಮೇಲೆ 'ಯಶಸ್ವಿ' ಎಂದು ಬಂದ ತಕ್ಷಣ ಎಲ್ಲ ಮುಗಿಯಿತೆಂದು ತಿಳಿಯಬೇಡಿ. ಅಧಿಕಾರಿ ಮುಗಿಸಿದ ಮೇಲೂ ವಿಡಿಯೊ ಮುದ್ರಣ ಮತ್ತು ದಾಖಲೆಗಳನ್ನು ಬ್ಯಾಂಕಿನಲ್ಲಿ ಇನ್ನೊಬ್ಬರು ಪರಿಶೀಲಿಸುವುದು ರೂಢಿ, ಚಿತ್ರ ಮಸುಕಾಗಿದ್ದರೆ ಅಲ್ಲಿ ತಿರಸ್ಕೃತವಾಗಬಹುದು. ದಾಖಲೆ ಅಥವಾ ಘೋಷಣೆ ಕೊಟ್ಟಾಗ ದಿನಾಂಕವಿರುವ ಸ್ವೀಕೃತಿ ಕೊಡಬೇಕು, ದತ್ತಾಂಶದಲ್ಲಿ ನವೀಕರಣವಾದ ಮೇಲೆ ಆ ದಿನಾಂಕವನ್ನು ಗ್ರಾಹಕರಿಗೆ ತಿಳಿಸಬೇಕು. ಈ ಎರಡನೆಯ ಸಂದೇಶ ಬಂದಾಗಲೇ ಕೆಲಸ ಆಯಿತು ಎಂದು ಲೆಕ್ಕ. ಜೊತೆಗೆ ಕೇಂದ್ರ ಕೆವೈಸಿ ದಾಖಲೆ ನೋಂದಣಿಯ 14 ಅಂಕಿಯ ಗುರುತು ಸಂಖ್ಯೆಯ ಬಗ್ಗೆಯೂ ಎಸ್‌ಎಂಎಸ್ ಬರಬಹುದು, ಅದನ್ನು ಬರೆದಿಟ್ಟುಕೊಳ್ಳಿ. ಮುಂದೆ ಬೇರೆ ಬ್ಯಾಂಕಿನವರು ನಿಮ್ಮ ಒಪ್ಪಿಗೆಯ ಮೇಲೆ ಆ ಸಂಖ್ಯೆಯಿಂದಲೇ ದಾಖಲೆ ತೆಗೆದುಕೊಳ್ಳಬಹುದು.

ಬಿಟ್ಟುಬಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಗೆ ದಿನಾಂಕಗಳಲ್ಲೇ ಉತ್ತರಿಸುತ್ತೇನೆ. ಗ್ರಾಹಕರನ್ನು ಬ್ಯಾಂಕು ಅಪಾಯದ ಅಂದಾಜಿನ ಮೇಲೆ ಮೂರು ವರ್ಗ ಮಾಡುತ್ತದೆ. ಹೆಚ್ಚಿನ ಅಪಾಯದವರಿಗೆ ಎರಡು ವರ್ಷಕ್ಕೊಮ್ಮೆ, ಮಧ್ಯಮದವರಿಗೆ ಎಂಟು ವರ್ಷಕ್ಕೊಮ್ಮೆ, ಕಡಿಮೆಯವರಿಗೆ ಹತ್ತು ವರ್ಷಕ್ಕೊಮ್ಮೆ ನವೀಕರಣ. ಯಾವ ವರ್ಗ ಎಂದು ಬ್ಯಾಂಕು ಗ್ರಾಹಕರಿಗೆ ಹೇಳುವಂತಿಲ್ಲ, ಕೇಳಿ ಪ್ರಯೋಜನವಿಲ್ಲ. ಆದರೆ ನಿಮ್ಮ ತಂದೆಯವರ ದಾಖಲೆ 2016ರದು, ಗಡುವು 2026ರ ಫೆಬ್ರವರಿ. ಆ ಹತ್ತು ವರ್ಷದ ಅಂತರವೇ ಅವರು ಕಡಿಮೆ ಅಪಾಯದ ವರ್ಗದವರು ಎಂದು ತೋರಿಸುತ್ತದೆ. ಈ ವರ್ಗದ ವ್ಯಕ್ತಿಗಳಿಗೆ 2025ರ ತಿದ್ದುಪಡಿ ಒಂದು ಸಡಿಲಿಕೆ ಕೊಟ್ಟಿದೆ: ಗಡುವು ಮುಗಿದ ಮೇಲೂ ಒಂದು ವರ್ಷದವರೆಗೆ, ಅಥವಾ 2026ರ ಜೂನ್ 30ರವರೆಗೆ, ಯಾವುದು ತಡವೋ ಅಲ್ಲಿಯವರೆಗೆ ಎಲ್ಲ ವ್ಯವಹಾರಗಳಿಗೂ ಅವಕಾಶವಿರಬೇಕು. ನಿಮ್ಮ ತಂದೆಯವರಿಗೆ ಅದು 2027ರ ಫೆಬ್ರವರಿ. ಗಡುವು 2024ರಲ್ಲೇ ಮುಗಿದವರಿಗೆ ಒಂದು ವರ್ಷ ಕಳೆದುಹೋಗಿರುವುದರಿಂದ 2026ರ ಜೂನ್ 30. ಈ ಅವಧಿಯಲ್ಲಿ ಖಾತೆಯ ಮೇಲೆ ಬ್ಯಾಂಕು ನಿಗಾ ಇಡುತ್ತದೆ, ಅಷ್ಟೇ. ಸರ್ಕಾರದ ನೇರ ನಗದು ವರ್ಗಾವಣೆ, ವಿದ್ಯಾರ್ಥಿವೇತನ ಬರುವ ಖಾತೆಗಳಲ್ಲೇ ನವೀಕರಣ ರಾಶಿ ಬಿದ್ದಿರುವುದನ್ನು ಕಂಡು ರಿಸರ್ವ್ ಬ್ಯಾಂಕ್ ಮಾಡಿದ ವ್ಯವಸ್ಥೆ ಇದು. ಮಧ್ಯಮ ಮತ್ತು ಹೆಚ್ಚಿನ ಅಪಾಯದವರಿಗೆ ಈ ಸಡಿಲಿಕೆ ಇಲ್ಲ.

ಅದೂ ಮುಗಿದ ಮೇಲೆ ಬ್ಯಾಂಕುಗಳು ಸಾಮಾನ್ಯವಾಗಿ ಮೊದಲು ಹಣ ಹೊರಹೋಗುವುದನ್ನು ತಡೆಯುತ್ತವೆ. ಪಿಂಚಣಿ ಬಂದು ಜಮೆಯಾಗುತ್ತದೆ, ತೆಗೆಯಲು ಬರುವುದಿಲ್ಲ. ಎಟಿಎಂ, ಯುಪಿಐ, ಚೆಕ್ ಮೂರೂ ನಿಲ್ಲುತ್ತವೆ. ಹೆಚ್ಚು ಕಾಡುವುದು ಕಣ್ಣಿಗೆ ಕಾಣದ ಪಾವತಿಗಳು: ಖಾತೆಯಿಂದ ತಾನಾಗಿ ಕಡಿತವಾಗುವ ಆರೋಗ್ಯ ವಿಮೆಯ ಕಂತು ವಾಪಸಾಗುತ್ತದೆ, ಪಾಲಿಸಿ ತಪ್ಪಿಹೋಗುತ್ತದೆ, ಅದು ಗೊತ್ತಾಗುವುದು ಆಸ್ಪತ್ರೆಯ ಕೌಂಟರಿನಲ್ಲಿ. ಕೆವೈಸಿ ಖಾತೆಗಲ್ಲ, ಗ್ರಾಹಕರ ಗುರುತು ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಆದ್ದರಿಂದ ಅದೇ ಬ್ಯಾಂಕಿನಲ್ಲಿರುವ ನಿಶ್ಚಿತ ಠೇವಣಿಗೂ ಈ ತಡೆಯ ಬಿಸಿ ತಟ್ಟಬಹುದು. ಜಂಟಿ ಖಾತೆಯಾದರೆ ಇಬ್ಬರ ಕೆವೈಸಿಯೂ ಬೇರೆ ಬೇರೆಯಾಗಿ ಆಗಬೇಕು. ಪ್ಯಾನ್ ಅಥವಾ ಫಾರ್ಮ್ 60 ಕೊಡದೆ ಉಳಿದ ಖಾತೆಗಳಲ್ಲಂತೂ ಎಲ್ಲ ವ್ಯವಹಾರವನ್ನೂ ತಾತ್ಕಾಲಿಕವಾಗಿ ನಿಲ್ಲಿಸುವ ಅಧಿಕಾರ ಬ್ಯಾಂಕಿಗಿದೆ. ಅದಕ್ಕೆ ಮೊದಲು ನೋಟಿಸ್ ಮತ್ತು ಸಾಕಷ್ಟು ಅವಕಾಶ ಕೊಡಬೇಕು, ಅನಾರೋಗ್ಯ ಅಥವಾ ವೃದ್ಧಾಪ್ಯದ ಅಶಕ್ತತೆಯಿಂದ ಕೊಡಲಾಗದವರಿಗೆ ಸಡಿಲಿಕೆ ಇರಬೇಕು. ಹಣ ಎಲ್ಲಿಯೂ ಹೋಗುವುದಿಲ್ಲ, ಬಡ್ಡಿಯೂ ಸೇರುತ್ತಲೇ ಇರುತ್ತದೆ, ದಾಖಲೆ ಕೊಟ್ಟ ಮೇಲೆ ತಡೆ ತೆರವಾಗುತ್ತದೆ. ನವೆಂಬರಿನ ಜೀವನ ಪ್ರಮಾಣ ಪತ್ರ ಇದಕ್ಕೆ ಸಂಬಂಧಿಸಿದ್ದಲ್ಲ. ಅದು ತಪ್ಪಿದರೆ ಪಿಂಚಣಿಯೇ ಬರುವುದು ನಿಲ್ಲುತ್ತದೆ. ಕೆವೈಸಿ ತಪ್ಪಿದರೆ ಬಂದ ಪಿಂಚಣಿ ಒಳಗೇ ಕೂರುತ್ತದೆ.

ಎರಡು ವರ್ಷ ಗ್ರಾಹಕರ ಕಡೆಯಿಂದ ಯಾವ ವ್ಯವಹಾರವೂ ಇಲ್ಲದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ, ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಅರಿವು ನಿಧಿಗೆ ವರ್ಗವಾಗುತ್ತದೆ. ಆಗಲೂ ಮರಳಿ ಪಡೆಯಬಹುದು. ಪ್ರತಿ ತಿಂಗಳೂ ಬಳಕೆಯಲ್ಲಿರುವ ಪಿಂಚಣಿ ಖಾತೆಗೆ ಈ ಚಿಂತೆ ಬೇಡ. ಊರಿನಲ್ಲಿ ಮರೆತುಹೋದ ಇನ್ನೊಂದು ಉಳಿತಾಯ ಖಾತೆ ಇದ್ದರೆ ಅದನ್ನು ಈ ಸಲವೇ ವಿಚಾರಿಸಿಬಿಡಿ.

ನಿಮ್ಮ ಮನೆಯ ಕಿರಿಯರು ಮೊಬೈಲಿನಲ್ಲೇ, ಯಾರ ಮುಖವನ್ನೂ ನೋಡದೆ, ಬರೀ ಆಧಾರ್ ಒಟಿಪಿಯಿಂದ ಖಾತೆ ತೆರೆದಿದ್ದರೆ ಮೇಲಿನ ಯಾವ ಸಾವಧಾನವೂ ಅವರಿಗೆ ಅನ್ವಯಿಸುವುದಿಲ್ಲ. ಅಂಥ ಖಾತೆಯಲ್ಲಿ ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಇರುವಂತಿಲ್ಲ, ಆರ್ಥಿಕ ವರ್ಷದಲ್ಲಿ ಎರಡು ಲಕ್ಷಕ್ಕಿಂತ ಹೆಚ್ಚು ಜಮೆಯಾಗುವಂತಿಲ್ಲ. ಒಂದು ವರ್ಷದೊಳಗೆ ವಿಡಿಯೊ ಅಥವಾ ಶಾಖೆಯಲ್ಲಿ ಪೂರ್ಣ ಕೆವೈಸಿ ಆಗದಿದ್ದರೆ ಬ್ಯಾಂಕು ಖಾತೆಯನ್ನು ಮುಚ್ಚಬೇಕು. ವಿಡಿಯೊ ಕೆವೈಸಿ ನೋಟಿಸನ್ನು ನಿಜಕ್ಕೂ ತುರ್ತಾಗಿ ನೋಡಬೇಕಾದವರು ಅವರು.

ಮತ್ತೆ ಆ ರಾತ್ರಿಯ ಸಂದೇಶ. ಬ್ಯಾಂಕು ಒಟಿಪಿ ಕೇಳುವುದೇ ಇಲ್ಲ ಎಂಬ ಎಚ್ಚರಿಕೆಯನ್ನು ನೀವು ಕೇಳಿರುತ್ತೀರಿ, ಆದರೆ ನಿಜವಾದ ವಿಡಿಯೊ ಕೆವೈಸಿಯಲ್ಲೂ ಆಧಾರ್ ಒಟಿಪಿ ಬರುತ್ತದೆ. ಇದು ಹಿರಿಯರನ್ನು ಗೊಂದಲಕ್ಕೆ ಬೀಳಿಸುತ್ತದೆ. ವ್ಯತ್ಯಾಸ ಹೀಗೆ ಹೇಳಿಕೊಡಿ: ಆಧಾರ್ ಹೆಸರಿನಲ್ಲಿ ಬಂದ ಒಟಿಪಿಯನ್ನು, ನೀವೇ ತೆರೆದ ಬ್ಯಾಂಕಿನ ಪುಟದಲ್ಲಿ, ನೀವೇ ಟೈಪ್ ಮಾಡುವುದು ಸರಿ. ಅದನ್ನು ಬಾಯಿಯಲ್ಲಿ ಯಾರಿಗೂ ಹೇಳಬಾರದು. ಹಣ ಕಡಿತದ ಒಟಿಪಿ, ಎಟಿಎಂ ಪಿನ್, ಯುಪಿಐ ಪಿನ್, ಕಾರ್ಡಿನ ಹಿಂದಿನ ಮೂರಂಕಿ ಇವುಗಳಿಗೆ ಕೆವೈಸಿಯಲ್ಲಿ ಕೆಲಸವೇ ಇಲ್ಲ. ಕೆವೈಸಿ ಎಂದು .apk ಎಂದು ಕೊನೆಗೊಳ್ಳುವ ಕಡತ ಬಂದರೆ, ಪರದೆ ಹಂಚಿಕೊಳ್ಳಿ ಎಂದರೆ, ಅಲ್ಲಿಗೆ ಮುಗಿಸಿ. ಯಾರಾದರೂ ಈಗಾಗಲೇ ಅಂಥ ಲಿಂಕಿನಲ್ಲಿ ವಿವರ ತುಂಬಿದ್ದರೆ ಮೊದಲು ಬ್ಯಾಂಕಿಗೆ ಹೇಳಿ ಖಾತೆಯನ್ನು ತಡೆಹಿಡಿಸಿ, ಕೂಡಲೇ 1930ಕ್ಕೆ ಕರೆ ಮಾಡಿ.

ಎಲ್ಲ ದಾಖಲೆ ಕೊಟ್ಟು ಸ್ವೀಕೃತಿ ಪಡೆದ ಮೇಲೂ ಬ್ಯಾಂಕು ನವೀಕರಿಸದೆ ಖಾತೆ ತಡೆದರೆ, ಆ ಸ್ವೀಕೃತಿಯ ಪ್ರತಿಯೊಂದಿಗೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ಉಚಿತವಾಗಿ ದೂರು ದಾಖಲಿಸಬಹುದು, ಮಾಹಿತಿಗೆ 14448 ಇದೆ. ದೂರಿನಲ್ಲಿ ಮೂರು ದಿನಾಂಕಗಳನ್ನು ತಪ್ಪದೆ ಬರೆಯಿರಿ: ಬ್ಯಾಂಕಿನ ಪತ್ರದಲ್ಲಿರುವ ಗಡುವು, ನೀವು ದಾಖಲೆ ಕೊಟ್ಟ ದಿನ, ಖಾತೆ ತಡೆದ ದಿನ.